ಮಹಾಪ್ರಾಣಕ್ಕೆ ಬೇರೆ ಬಾಯಿ ಬೇಡ

ಕಾರ್ಟೂನಿಗೆ ಕನ್ನಡ ಮಾತು ಕೂರಿಸುವಾಗ ಹೊಸಬರು ವರ್ಣಮಾಲೆಯನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೊಂದು ಬಾಯಿ ಬರೆಯಲು ಹೊರಡುತ್ತಾರೆ. ಏಳೆಂಟು ಬಾಯಿಗಳು ಸಾಕು. ಅದರಲ್ಲೂ ಖ, ಘ, ಥ, ಭಗಳಿಗೆ ಪ್ರತ್ಯೇಕ ಬಾಯಿ ಬರೆಯುವುದು ಶುದ್ಧ ದಂಡ. ನಮ್ಮ ವೈಯಾಕರಣರು ಅಲ್ಪಪ್ರಾಣ, ಮಹಾಪ್ರಾಣ ಎಂದು ವಿಂಗಡಿಸಿದ್ದು ಉಸಿರನ್ನು ನೋಡಿ, ತುಟಿಯನ್ನಲ್ಲ. ಉಸಿರನ್ನು ಚಿತ್ರದಲ್ಲಿ ತೋರಿಸಲಾಗದು.

ಸೆಕೆಂಡಿಗೆ 24 ಫ್ರೇಮು, ಎರಡೆರಡು ಫ್ರೇಮಿಗೆ ಒಂದು ಚಿತ್ರ ಎಂದುಕೊಳ್ಳಿ. ಆಗ ಒಂದು ಚಿತ್ರ ನಿಲ್ಲುವುದು ಸುಮಾರು 0.08 ಸೆಕೆಂಡು. ‘ಭೂಮಿ’ ಎನ್ನಲು ಅರ್ಧ ಸೆಕೆಂಡು ಹಿಡಿದರೆ ಕೈಯಲ್ಲಿರುವುದು ಆರೇ ಚಿತ್ರ. ಭಕಾರಕ್ಕೆ ಮುಚ್ಚಿದ ತುಟಿ ಒಂದು, ಊಕಾರಕ್ಕೆ ದುಂಡು ತುಟಿ ಎರಡು, ಮಕಾರಕ್ಕೆ ಮತ್ತೆ ಮುಚ್ಚಿದ್ದು ಒಂದು, ಕೊನೆಯ ಇಕಾರಕ್ಕೆ ಅಗಲಿಸಿದ ತುಟಿ ಎರಡು.

ಭ ‘ತೂಕದ’ ಅಕ್ಷರ ಎಂದು ಮುಚ್ಚಿದ ತುಟಿಯನ್ನು ಎರಡು ಚಿತ್ರ ಹಿಡಿದರೆ ಕೆಲಸ ಕೆಟ್ಟಿತು. ‘ಹಬ್ಬ’, ‘ಅಪ್ಪ’ಗಳಲ್ಲಿ ಒತ್ತಕ್ಷರವನ್ನು ಕಣ್ಣಿಗೆ ಕಾಣಿಸುವುದೇ ಹಾಗೆ ಹಿಡಿದ ತುಟಿ. ಹಾಗಾಗಿ ಪಾತ್ರ ‘ಬ್ಬೂಮಿ’ ಎಂದಂತೆ ಕಾಣುತ್ತದೆ. ಫ್ರೇಮು ಫ್ರೇಮಾಗಿ ತಳ್ಳಿ ನೋಡಿದರೆ ಈ ತಪ್ಪು ಸಿಗುವುದಿಲ್ಲ, ಪೂರ್ಣ ವೇಗದಲ್ಲಿ ಓಡಿಸಿದಾಗ ಮಾತು ಮುಗ್ಗರಿಸಿದಂತಾಗುತ್ತದೆ.

ಸದ್ದಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ವೇವ್‌ಫಾರ್ಮ್ ನಂಬಿದವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ‘ಖುಷಿ’ಯಲ್ಲಿ ಖಕಾರದ ಉಸಿರು ಮೊದಲು ಸಣ್ಣ ಗದ್ದಲವಾಗಿ ಕಾಣುತ್ತದೆ, ಸ್ವರದ ಉಬ್ಬು ಆಮೇಲೆ ಬರುತ್ತದೆ. ಅವರು ದುಂಡು ತುಟಿಯನ್ನು ಆ ಉಬ್ಬಿನಿಂದ ಶುರು ಮಾಡುತ್ತಾರೆ, ಬಾಯಿ ಒಂದು ಚಿತ್ರ ಹಿಂದೆ ಬೀಳುತ್ತದೆ. ಕನ್ನಡಿ ಮುಂದೆ ಹೇಳಿ ನೋಡಿ: ‘ಖು’ವಿನ ಸದ್ದು ಹೊರಡುವ ಮೊದಲೇ ತುಟಿ ದುಂಡಾಗಿರುತ್ತದೆ. ಮಹಾಪ್ರಾಣದ ಉಸಿರು ಹಾಯುವುದು ಮುಂದಿನ ಸ್ವರದ ಬಾಯಿಂದಲೇ. ಆದ್ದರಿಂದ ಆ ಕಾಲವನ್ನು ಸ್ವರದ ಲೆಕ್ಕಕ್ಕೆ ಬರೆಯಿರಿ.

ಸ್ವರಗಳಲ್ಲಿ ಹ್ರಸ್ವ, ದೀರ್ಘಗಳಿಗೆ ಬಾಯಿ ಬಹುಪಾಲು ಒಂದೇ, ಬದಲಾಗುವುದು ಹಿಡಿಯುವ ಕಾಲ. ‘ಬಿಡಿ’ಯ ಮೊದಲ ಸ್ವರಕ್ಕೆ ಒಂದು ಚಿತ್ರ, ‘ಬೀಡಿ’ಯದಕ್ಕೆ ಎರಡು. ಅ, ಆ ಮಾತ್ರ ಈ ಲೆಕ್ಕಕ್ಕೆ ಸೇರವು: ‘ಹಲ್ಲು’ವಿಗೆ ಅರ್ಧ ತೆರೆದ ಬಾಯಿ, ‘ಹಾಲು’ವಿಗೆ ಪೂರ್ತಿ ತೆರೆದದ್ದು. ಎರಡಕ್ಕೂ ದೊಡ್ಡ ಬಾಯಿಯನ್ನೇ ಬಳಸಿದರೆ, ಅಕಾರ ಹೆಜ್ಜೆಹೆಜ್ಜೆಗೂ ಬರುವ ನಮ್ಮ ಭಾಷೆಯಲ್ಲಿ ಪಾತ್ರ ಮಾತಾಡಿದಂತಲ್ಲ, ಮೆಲುಕು ಹಾಕಿದಂತೆ ಕಾಣುತ್ತದೆ.

ಫಕಾರದ ವಿಷಯದಲ್ಲಿ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಧ್ವನಿಮುದ್ರಣ ಕೇಳಬೇಕು. ‘ಫಲ’ವನ್ನು ಕಲಾವಿದರು ತುಟಿ ಮುಚ್ಚಿಯೇ ಹೇಳಿದ್ದರೆ ಪಕಾರದ ಬಾಯಿ, ‘ಫೋನ್’ ಎಂಬಲ್ಲಿಯಂತೆ ಹೇಳಿದ್ದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಿದ ಬಾಯಿ. ಅದೇ ಡಬ್ಬಿಂಗ್‌ನಲ್ಲಿ ಯಾರಾದರೂ ‘ಬೂಮಿ’ ಎಂದುಬಿಟ್ಟಿದ್ದರೆ ಮೇಷ್ಟ್ರು ಸಿಟ್ಟಾಗಬಹುದು, ಬರೆದ ಆರು ಚಿತ್ರಗಳಲ್ಲಿ ಒಂದನ್ನೂ ಬದಲಿಸಬೇಕಿಲ್ಲ.