ಕಂಬಳದ ಬಿಸಿಲಿಗೆ ಎನ್‌ಡಿ ಫಿಲ್ಟರ್: ಎಷ್ಟು ಗಾಢವಾದದ್ದು ಬೇಕು?

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ ಬದಿಗೆ ನಿಂತು ವಿಡಿಯೊ ತೆಗೆಯುತ್ತಿದ್ದೇವೆ ಎಂದುಕೊಳ್ಳೋಣ. ಕೋಣಗಳು ಸ್ಪಷ್ಟವಾಗಿದ್ದು ಅವುಗಳ ಹಿಂದಿನ ಜನಸಂದಣಿ ಮಸುಕಾಗಬೇಕಾದರೆ ಅಪರ್ಚರ್ ಅಗಲವಾಗಿರಬೇಕು. ಕಾಲುಗಳ ಓಟ ಮತ್ತು ಚಿಮ್ಮುವ ಕೆಸರುನೀರು ಸಹಜವಾಗಿ ಕಾಣಬೇಕಾದರೆ ಷಟರ್ ನಿಧಾನವಾಗಿರಬೇಕು. ತೊಡಕು ಇರುವುದೇ ಇಲ್ಲಿ: ಈ ಎರಡೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತವೆ, ಬಿಸಿಲಿನಲ್ಲಿ ಬೆಳಕು ಮೊದಲೇ ವಿಪರೀತವಾಗಿರುತ್ತದೆ. ಆ ಬೆಳಕನ್ನು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಗಾಢ ಗಾಜೇ ಎನ್‌ಡಿ ಫಿಲ್ಟರ್.

ಷಟರ್ ಎಷ್ಟು ನಿಧಾನವಿರಬೇಕು? ಸಿನಿಮಾದ ರೂಢಿಯಂತೆ ಪ್ರತಿ ಫ್ರೇಮಿನ ಅರ್ಧ ಅವಧಿ ಷಟರ್ ತೆರೆದಿರಬೇಕು. ಸೆಕೆಂಡಿಗೆ 25 ಫ್ರೇಮ್ ಆದರೆ ಷಟರ್ 1/50 ಸೆಕೆಂಡ್. ಆಗ ಕೋಣದ ಗೊರಸು ಸಾಗಿದ ದಾರಿಯ ಅರ್ಧ ಭಾಗ ಚಿತ್ರದಲ್ಲಿ ದಾಖಲಾಗುತ್ತದೆ, ಉಳಿದರ್ಧವನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಷಟರನ್ನು 1/3200ಕ್ಕೆ ಏರಿಸಿದರೆ ಆ ದಾರಿಯ 128ರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ನೀರಿನ ಹನಿಗಳು ಗಾಳಿಯಲ್ಲಿ ಹೆಪ್ಪುಗಟ್ಟಿದ ಗಾಜಿನ ಮಣಿಗಳಂತಾಗುತ್ತವೆ, ಕಾಲುಗಳು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಮುಖ್ಯವಾದ ಕನೆಹಲಗೆ ವಿಭಾಗದಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ಈಗ ಲೆಕ್ಕ. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100 ಇದ್ದರೆ ಎಫ್/16 ಮತ್ತು 1/100 ಸೆಕೆಂಡಿಗೆ ಚಿತ್ರ ಹೆಚ್ಚು ಕಡಿಮೆ ಸರಿಯಾಗಿ ಬರುತ್ತದೆ ಎಂಬುದು ಛಾಯಾಗ್ರಾಹಕರ ಹಳೆಯ ನಿಯಮ. ಹಾಗಾಗಿ ಷಟರನ್ನು 1/50ಕ್ಕೆ ಇಳಿಸಿದರೆ ಎಫ್/16 ಕೂಡ ಸಾಲದು, ಎಫ್/22ಕ್ಕೆ ಹೋಗಬೇಕು. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಚದುರಿ ಚಿತ್ರದ ಮೊನಚು ಕುಗ್ಗುತ್ತದೆ, ಹಿನ್ನೆಲೆಯ ಫ್ಲೆಕ್ಸ್ ಬ್ಯಾನರ್‌ಗಳೆಲ್ಲ ಓದಲು ಬರುವಷ್ಟು ಸ್ಪಷ್ಟವಾಗುತ್ತವೆ. ನಮಗೆ ಬೇಕಾದದ್ದು ಎಫ್/2.8.

ಎಷ್ಟು ಗಾಢ ಫಿಲ್ಟರ್ ಬೇಕೆಂದು ತಿಳಿಯಲು ಕೋಷ್ಟಕ ಬೇಕಿಲ್ಲ. ಫಿಲ್ಟರ್ ಹಾಕದೆ, ಐಎಸ್‌ಒ 100 ಮತ್ತು ಎಫ್/2.8 ಇಟ್ಟು, ಕ್ಯಾಮೆರಾ ಯಾವ ಷಟರ್ ಸೂಚಿಸುತ್ತದೆ ನೋಡಿ. ಈ ಬಿಸಿಲಿನಲ್ಲಿ ಅದು 1/3200ರ ಆಸುಪಾಸಿನಲ್ಲಿರುತ್ತದೆ. 3200ನ್ನು ನಮಗೆ ಬೇಕಾದ 50ರಿಂದ ಭಾಗಿಸಿದರೆ 64. ಅದೇ ಫಿಲ್ಟರಿನ ಸಂಖ್ಯೆ: ಎನ್‌ಡಿ 64 ಎಂದರೆ ಬೆಳಕಿನ 64ರಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುವ ಗಾಜು, ಅಂದರೆ ಆರು ಸ್ಟಾಪ್. ಒಂದೊಂದು ಸ್ಟಾಪ್ ಬೆಳಕನ್ನು ಅರ್ಧಕ್ಕಿಳಿಸುತ್ತದೆ. ಕೆಲವು ತಯಾರಕರು ಇದನ್ನೇ 1.8 ಎಂದು ಬರೆಯುತ್ತಾರೆ. ಅಲ್ಲಿ ಪ್ರತಿ 0.3 ಒಂದು ಸ್ಟಾಪ್.

ನಂತರ ಬಣ್ಣ ತಿದ್ದಲು ಅನುಕೂಲವಾಗುವಂತೆ ಚಿತ್ರವನ್ನು ಮಂಕಾಗಿ ದಾಖಲಿಸುವ ಲಾಗ್ ವಿಧಾನದಲ್ಲಿ ಚಿತ್ರೀಕರಿಸುವವರು ಇನ್ನೊಂದು ಹೆಜ್ಜೆ ಗಮನಿಸಬೇಕು. ಹಲವು ಕ್ಯಾಮೆರಾಗಳಲ್ಲಿ ಲಾಗ್‌ನ ಕನಿಷ್ಠ ಐಎಸ್‌ಒ 800ರಷ್ಟಿರುತ್ತದೆ. ಅದು 100ರ ಎಂಟು ಪಟ್ಟು, ಆದ್ದರಿಂದ ಫಿಲ್ಟರ್ ಸಹ 64ರ ಎಂಟು ಪಟ್ಟು, ಅಂದರೆ ಎನ್‌ಡಿ 512 ಆಗಬೇಕು. ಎನ್‌ಡಿ 64ರ ಮೇಲೆ ಎನ್‌ಡಿ 8 ತಿರುಗಿಸಿ ಕೂರಿಸಿದರೂ ಅಷ್ಟೇ ಆಗುತ್ತದೆ. ಆದರೆ ವೈಡ್ ಲೆನ್ಸಿನಲ್ಲಿ ಎರಡು ಉಂಗುರಗಳ ಅಂಚು ಚಿತ್ರದ ಮೂಲೆಗಳನ್ನು ಕಪ್ಪಾಗಿಸಬಹುದು.

ಮೋಡ ಬಂದು ಹೋಗುವ ದಿನ ಗಾಜು ಬದಲಿಸುತ್ತ ಕೂರುವುದು ಕಷ್ಟ, ಹಾಗಾಗಿ ತಿರುಗಿಸಿ ಗಾಢತೆ ಬದಲಿಸುವ ವೇರಿಯಬಲ್ ಎನ್‌ಡಿ ಆಕರ್ಷಕ ಎನಿಸುತ್ತದೆ. ಅದರೊಳಗಿರುವುದು ಎರಡು ಪೋಲರೈಸರ್‌ಗಳು. ಗರಿಷ್ಠ ಗಾಢತೆಯ ಹತ್ತಿರ, ವಿಶೇಷವಾಗಿ ವೈಡ್ ಲೆನ್ಸಿನಲ್ಲಿ, ಚಿತ್ರದ ಮೇಲೆ ಗುಣಾಕಾರದ ಚಿಹ್ನೆಯಂತೆ ಕಪ್ಪು ಪಟ್ಟೆ ಮೂಡುತ್ತದೆ. ಅದು ಕಂಡ ಕೂಡಲೇ ಹಿಂದಕ್ಕೆ ತಿರುಗಿಸಬಹುದು. ಕಂಬಳದಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ಬೇರೆ: ಮುಂದಿನ ಪೋಲರೈಸರ್ ತಿರುಗಿದಂತೆ ನೀರಿನ ಮೇಲಿನ ಹೊಳಪು ಮತ್ತು ಕೋಣದ ಒದ್ದೆ ಮೈಯ ಮಿಂಚು ಹೆಚ್ಚುಕಡಿಮೆಯಾಗುತ್ತವೆ. ಒಂದೇ ಓಟದ ಎರಡು ಶಾಟ್‌ಗಳನ್ನು ಜೋಡಿಸುವಾಗ ಒಂದರಲ್ಲಿ ಹೊಳೆಯುವ ಕರೆ, ಇನ್ನೊಂದರಲ್ಲಿ ಮಂಕಾದ ಕರೆ ಕಾಣುತ್ತದೆ. ನೀರು, ಒದ್ದೆ ಚರ್ಮ, ಗಾಜು ಇರುವ ದೃಶ್ಯಕ್ಕೆ ನಾನು ಸ್ಥಿರ ಎನ್‌ಡಿಯನ್ನೇ ಆರಿಸುತ್ತೇನೆ. ಸಣ್ಣ ಏರಿಳಿತವನ್ನು ಎಫ್/2.8 ಮತ್ತು ಎಫ್/4ರ ನಡುವೆ ಅಪರ್ಚರಿನಿಂದಲೇ ಸರಿದೂಗಿಸಬಹುದು. ಹಿನ್ನೆಲೆ ಅಷ್ಟರಲ್ಲಿ ಕೆಡುವುದಿಲ್ಲ.

ಗಾಢ ಫಿಲ್ಟರುಗಳಿಗೆ ಬಣ್ಣದ ತೊಂದರೆಯೂ ಉಂಟು. ಕಣ್ಣಿಗೆ ಕಾಣುವ ಬೆಳಕನ್ನು ತಡೆದ ಗಾಜು ಅವಕೆಂಪು ಕಿರಣಗಳನ್ನು ಅಷ್ಟೇ ತಡೆಯದಿದ್ದರೆ, ಸೆನ್ಸರಿಗೆ ತಲುಪುವ ಬೆಳಕಿನಲ್ಲಿ ಅವುಗಳ ಪಾಲು ಹೆಚ್ಚುತ್ತದೆ. ಆಗ ಕಪ್ಪು ಸಿಂಥೆಟಿಕ್ ಬಟ್ಟೆ ಕಂದುಗೆಂಪಾಗಿ ಕಾಣುತ್ತದೆ. ವೈಟ್ ಬ್ಯಾಲೆನ್ಸ್ ಬದಲಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಕೆಲವು ಕಪ್ಪುಗಳು ಮಾತ್ರ ಹೀಗೆ ಕೆಡುತ್ತವೆ, ಉಳಿದವು ಸರಿಯಾಗಿಯೇ ಇರುತ್ತವೆ. ಫಿಲ್ಟರ್ ಕೊಳ್ಳುವ ಮುನ್ನ ಕಪ್ಪು ನೈಲಾನ್ ಚೀಲ ಮತ್ತು ಕಪ್ಪು ಹತ್ತಿ ಬಟ್ಟೆಯನ್ನು ಬಿಸಿಲಿನಲ್ಲಿ ಅಕ್ಕಪಕ್ಕ ಇಟ್ಟು ಒಮ್ಮೆ ಚಿತ್ರೀಕರಿಸಿ ನೋಡಿ. ಎರಡರ ಕಪ್ಪು ಬೇರೆಬೇರೆಯಾಗಿ ಕಂಡರೆ, ಅವಕೆಂಪನ್ನೂ ತಡೆಯುವ ಐಆರ್‌ಎನ್‌ಡಿ ಫಿಲ್ಟರನ್ನು ಆರಿಸಿಕೊಳ್ಳಿ.