ಊರಿಗೆ ಬಂದ ಮೇಲೂ ಮಲೇರಿಯಾ ಮಾತ್ರೆ ಯಾಕೆ?

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ಕೂದಲೆಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿ ಬರುವುದು ಹಾಸನದ ಕಡೆಯವರಿಗೆ ಹೊಸದಲ್ಲ. 2023ರಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಕೆಲಸಕ್ಕೆ, ವ್ಯಾಪಾರಕ್ಕೆ ಅಂತ ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರು ಬೇರೆಯವರೂ ಇದ್ದಾರೆ. ಇವರಿಗೆಲ್ಲ ಮಲೇರಿಯಾ ಬರದಂತೆ ತಡೆಯುವ ಮಾತ್ರೆ ಬೇಕು. ಹೋಗುವ ಮುಂಚೆ ಮಾತ್ರೆ ಶುರು ಮಾಡುವುದನ್ನು ಜನ ಒಪ್ಪುತ್ತಾರೆ. ವಾಪಸ್ ಬಂದ ಮೇಲೆ ನಾಲ್ಕು ವಾರ ನುಂಗಬೇಕು ಅಂದರೆ ಮಾತ್ರ, "ಅಲ್ಲಿನ ಸೊಳ್ಳೆ ಅಲ್ಲೇ ಉಳೀತಲ್ಲ, ಇನ್ಯಾಕೆ?" ಅನ್ನುತ್ತಾರೆ.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಇರುವುದು ನಮ್ಮ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ.

ಸೊಳ್ಳೆ ಕಚ್ಚಿದಾಗ ಮೈಯೊಳಗೆ ಬರುವ ಮಲೇರಿಯಾ ರೋಗಾಣು ರಕ್ತದಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಬೇಗನೆ ಲಿವರ್ ಸೇರಿಕೊಳ್ಳುತ್ತದೆ. ಆಫ್ರಿಕಾದಲ್ಲಿ ಜಾಸ್ತಿ ಇರುವ, ಜೀವಕ್ಕೇ ಎರವಾಗಬಲ್ಲ ಫಾಲ್ಸಿಪಾರಮ್ ಜಾತಿಯದು ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು, ಸಾವಿರಗಟ್ಟಲೆ ಮರಿಗಳಾಗಿ ರಕ್ತಕ್ಕೆ ಇಳಿಯುತ್ತದೆ. ಜ್ವರ ಬರುವುದು ಆಮೇಲೆ. ಲಿವರ್‌ನಲ್ಲಿ ಇರುವಷ್ಟು ದಿನ ಜ್ವರವೂ ಇಲ್ಲ, ಸುಸ್ತೂ ಇಲ್ಲ.

ತಡೆಗೆ ಕೊಡುವ ಡಾಕ್ಸಿಸೈಕ್ಲಿನ್ ಆಗಲಿ ಮೆಫ್ಲೋಕ್ವಿನ್ ಆಗಲಿ ರೋಗಾಣುವನ್ನು ಹಿಡಿಯುವುದು ಮುಖ್ಯವಾಗಿ ರಕ್ತದಲ್ಲಿ. ಲಿವರ್‌ನಲ್ಲಿ ಕೂತದ್ದನ್ನು ಅವು ನೆಚ್ಚುವಂತೆ ಕೊಲ್ಲುವುದಿಲ್ಲ. ಅದು ಹೊರಗೆ ಬರುವ ದಿನ ರಕ್ತದಲ್ಲಿ ಮದ್ದು ಕಾದಿರಬೇಕು. ಊರಿಗೆ ಬಂದ ಮೇಲೂ ಮಾತ್ರೆ ನುಂಗುವುದು ಇದಕ್ಕೇ.

ಒಂದು ಲೆಕ್ಕ ಹಾಕೋಣ. ಹಾಸನದವರೊಬ್ಬರು ಜೂನ್ 11ಕ್ಕೆ ಉಗಾಂಡ ತಲುಪಿ, ಜುಲೈ 2ಕ್ಕೆ ಅಲ್ಲಿಂದ ಹೊರಡುತ್ತಾರೆ ಅಂತ ಇಟ್ಟುಕೊಳ್ಳಿ. ವೈದ್ಯರು ದಿನಕ್ಕೊಂದು 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಬರೆದಿದ್ದಾರೆ. ಇದನ್ನು ಒಂದೆರಡು ದಿನ ಮುಂಚೆ ಶುರು ಮಾಡಿದರೆ ಸಾಕು. ಜೂನ್ 9ಕ್ಕೆ ಮೊದಲ ಮಾತ್ರೆ. ಅಲ್ಲಿಂದ ಹೊರಟ ಮೇಲೆ 28 ದಿನ, ಅಂದರೆ ಜುಲೈ 30ಕ್ಕೆ ಕೊನೆಯದು. ಒಟ್ಟು 52 ಮಾತ್ರೆ.

ಇವರು ಊರಿಗೆ ಬಂದು, ಆರಾಮಾಗಿದ್ದೇನೆ ಅಂತ ಜುಲೈ 5ಕ್ಕೆ ಮಾತ್ರೆ ನಿಲ್ಲಿಸಿದರು ಅನ್ನಿ. ಜುಲೈ 1ರ ರಾತ್ರಿ, ಹೊರಡುವ ಹಿಂದಿನ ದಿನ, ಒಂದು ಸೊಳ್ಳೆ ಕಚ್ಚಿತ್ತು. ರೋಗಾಣು ಲಿವರ್‌ನಿಂದ ಹೊರಬರುವುದು ಜುಲೈ 8ರ ಹೊತ್ತಿಗೆ. ಡಾಕ್ಸಿಸೈಕ್ಲಿನ್ ಮೈಯಿಂದ ಬೇಗ ಇಳಿದುಹೋಗುವ ಮದ್ದು. ಅಷ್ಟು ಹೊತ್ತಿಗೆ ರಕ್ತದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಜುಲೈ ನಡುವಿಗೆ ಚಳಿ ಜ್ವರ.

ಹಾಗಾದರೆ ಜುಲೈ 10ರವರೆಗೆ ನುಂಗಿದರೆ ಸಾಲದೇ? ಸಾಲದು. ಎಲ್ಲ ರೋಗಾಣುಗಳೂ ಒಂದೇ ದಿನ ಹೊರಬರುವುದಿಲ್ಲ, ಕೆಲವು ತಡ ಮಾಡುತ್ತವೆ. ಜೊತೆಗೆ ಡಾಕ್ಸಿಸೈಕ್ಲಿನ್ ನಿಧಾನದ ಮದ್ದು. ಸಿಕ್ಕ ರೋಗಾಣುವನ್ನು ಕೂಡಲೇ ಕೊಲ್ಲುವುದಿಲ್ಲ. ಅದರ ಮುಂದಿನ ತಲೆಮಾರು ಬೆಳೆಯದಂತೆ ಮಾಡುತ್ತದೆ. ರಕ್ತದಲ್ಲಿ ಒಂದೊಂದು ತಲೆಮಾರಿಗೆ ಎರಡು ದಿನ ಬೇಕು. ಅದಕ್ಕೇ ನಾಲ್ಕು ವಾರ.

ಇದೇ ಪ್ರಯಾಣಕ್ಕೆ ಮೆಫ್ಲೋಕ್ವಿನ್ ಬರೆದಿದ್ದರೆ ಕ್ಯಾಲೆಂಡರ್ ಬೇರೆ. ಅದು ವಾರಕ್ಕೊಂದೇ ಮಾತ್ರೆ. ಮೈಯಲ್ಲಿ ನಿಧಾನವಾಗಿ ತುಂಬಿಕೊಳ್ಳುವುದರಿಂದ ಕನಿಷ್ಠ ಎರಡು ವಾರ ಮುಂಚೆ, ಮೇ 28ಕ್ಕೇ ಶುರು ಮಾಡಬೇಕು. ಕೊನೆಯದು ಜುಲೈ 30ಕ್ಕೆ, ಒಟ್ಟು 10. ಬೇಗ ಶುರು ಮಾಡುವುದರಲ್ಲಿ ಇನ್ನೊಂದು ಲಾಭವೂ ಇದೆ. ಕೆಲವರಿಗೆ ಇದರಿಂದ ಕೆಟ್ಟ ಕನಸು, ಗಾಬರಿ, ತಲೆಸುತ್ತು ಬರುತ್ತದೆ. ಊರಲ್ಲಿರುವಾಗಲೇ ಅದು ಗೊತ್ತಾದರೆ ವೈದ್ಯರು ಮದ್ದು ಬದಲಿಸಬಹುದು. ಮೂರ್ಛೆ ರೋಗವೋ ಮನೋರೋಗವೋ ಇದ್ದವರಿಗೆ ಇದು ಬೇಡ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಬೇಡ. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆ ಲಿವರ್‌ನಲ್ಲೇ ರೋಗಾಣುವನ್ನು ಹಿಡಿಯುತ್ತದೆ. ಈ ಮೂರರಲ್ಲಿ ಅದನ್ನು ಮಾತ್ರ ವಾಪಸ್ ಬಂದ ಮೇಲೆ ಏಳು ದಿನಕ್ಕೆ ನಿಲ್ಲಿಸಬಹುದು. ಪಕ್ಕದ ಮನೆಯವರು ಏಳು ದಿನಕ್ಕೆ ನಿಲ್ಲಿಸಿದರು ಅಂತ ನೀವೂ ನಿಲ್ಲಿಸಬೇಡಿ. ಅವರ ಮಾತ್ರೆ ಯಾವುದೋ, ನಿಮ್ಮದು ಯಾವುದೋ.

ನನ್ನ ಕೇಳಿದರೆ, ಮಾತ್ರೆ ಕೊಳ್ಳುವ ದಿನವೇ ಕೊನೆಯ ತಾರೀಖನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡಬೇಕು. ಎಲ್ಲ ಮಾತ್ರೆಯನ್ನೂ ಹೊರಡುವ ಮುಂಚೆಯೇ ಕೊಂಡಿಟ್ಟುಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಅನ್ನು ಊಟದ ಜೊತೆ ತುಂಬು ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಾದರೂ ಮಲಗದೇ ಇರಿ. ಇಲ್ಲದಿದ್ದರೆ ಅದು ಅನ್ನನಾಳದಲ್ಲಿ ಕೂತು ಹುಣ್ಣು ಮಾಡುತ್ತದೆ. ಎದೆ ಉರಿ ತಾಳದೆ ಮಾತ್ರೆ ಬಿಡುವವರೂ ಇದ್ದಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮಲೇರಿಯಾ ಬರುವುದೇ ಇಲ್ಲ ಅಂತ ಯಾವ ಮಾತ್ರೆಯೂ ಖಾತ್ರಿ ಕೊಡುವುದಿಲ್ಲ. ವೈವಾಕ್ಸ್ ಜಾತಿಯದು ಲಿವರ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಆಮೇಲೆ ಏಳಬಹುದು. ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರಿನಲ್ಲಿ ಜ್ವರ ಅಂದ ಕೂಡಲೇ ಡೆಂಗಿಯೋ ಇಲಿಜ್ವರವೋ ಅನ್ನುವುದು ಸಹಜ. ನೀವು ಹೇಳದಿದ್ದರೆ ವೈದ್ಯರಿಗೆ ಆಫ್ರಿಕಾ ಹೊಳೆಯುವುದಾದರೂ ಹೇಗೆ? ವಾಪಸ್ ಬಂದು ಒಂದು ವರ್ಷದೊಳಗೆ ಜ್ವರ ಬಂದರೆ, ಯಾವ ದೇಶಕ್ಕೆ ಹೋಗಿದ್ದಿರಿ, ಯಾವ ಮಾತ್ರೆ ತಗೊಂಡಿರಿ, ಎಂದು ನಿಲ್ಲಿಸಿದಿರಿ ಅಂತ ಮೊದಲೇ ಹೇಳಿ, ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮೊದಲ ಸಲ ಏನೂ ಕಾಣದಿದ್ದರೂ, ಜ್ವರ ಇಳಿಯದಿದ್ದರೆ, 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಬೇಕು. ರೋಗಾಣು ಕಡಿಮೆ ಇದ್ದಾಗ ಒಂದೇ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು.