ಚೂರಾದ ಕೆಂಪು ರಕ್ತಕಣಗಳು ಮತ್ತು ಟಿಟಿಪಿಯ ತುರ್ತು

ಟಿಟಿಪಿ, ಅಂದರೆ ಥ್ರಾಂಬೋಟಿಕ್ ಥ್ರಾಂಬೊಸೈಟೊಪೀನಿಕ್ ಪರ್ಪ್ಯುರಾ, ಅತಿಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಕಾಯಿಲೆ. ಸುಮಾರು 35 ವರ್ಷದ ಮಹಿಳೆಯೊಬ್ಬರು ಕಾಲಿನ ಮೇಲೆದ್ದ ಕೆನ್ನೇರಳೆ ಚುಕ್ಕೆಗಳು, ತಲೆನೋವು ಮತ್ತು ಕೆಲವು ನಿಮಿಷ ತೊದಲಿದ ಮಾತಿನ ಕಾರಣಕ್ಕೆ ಆಸ್ಪತ್ರೆಗೆ ಬಂದಿದ್ದಾರೆ ಎಂದುಕೊಳ್ಳೋಣ. ಪ್ರತಿ ಮೈಕ್ರೊಲೀಟರ್ ರಕ್ತದಲ್ಲಿ ಕನಿಷ್ಠ ಒಂದೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್‌ಗಳು 12,000ಕ್ಕೆ ಇಳಿದಿವೆ, ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 8 ಗ್ರಾಂಗೆ ಇಳಿದಿದೆ. ಪ್ಲೇಟ್‌ಲೆಟ್ ಕಡಿಮೆಯಾಗಲು ಕಾರಣಗಳು ಹಲವಿರುವುದರಿಂದ ಈ ಸಂಖ್ಯೆಯೊಂದೇ ರೋಗವನ್ನು ಗುರುತಿಸಿಕೊಡದು. ಬಲವಾದ ಸುಳಿವು ಕೊಡುವುದು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವ ಒಂದು ಹನಿ ರಕ್ತ, ಅಂದರೆ ಸ್ಮಿಯರ್.

ಅಲ್ಲಿ ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ತ್ರಿಕೋನಾಕಾರದ, ಶಿರಸ್ತ್ರಾಣದಂತೆ ಒಂದು ಬದಿ ಕತ್ತರಿಸಿಹೋದ ಚೂರುಗಳು ಕಾಣುತ್ತವೆ. ಇವೇ ಶಿಸ್ಟೊಸೈಟ್‌ಗಳು. ನೂರು ಕೆಂಪು ಕಣಗಳಲ್ಲಿ ಇಂಥದ್ದು ಒಂದೇ ಇದ್ದರೂ, ಪ್ಲೇಟ್‌ಲೆಟ್ ಇಷ್ಟು ಕುಸಿದಿರುವಾಗ ಅದನ್ನು ಕಡೆಗಣಿಸುವಂತಿಲ್ಲ.

ಕಣಗಳು ಚೂರಾಗುವುದೇಕೆ? ರಕ್ತನಾಳದ ಒಳಪದರವು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಬಹಳ ಉದ್ದನೆಯ ಎಳೆಗಳಾಗಿ ಬಿಡುಗಡೆ ಮಾಡುತ್ತದೆ, ಮತ್ತು ಅವನ್ನು ತುಂಡರಿಸಿ ಅಪಾಯವಿಲ್ಲದಂತೆ ಮಾಡುವ ಕೆಲಸ ADAMTS13 ಎಂಬ ಕಿಣ್ವದ್ದು. ಟಿಟಿಪಿಯಲ್ಲಿ ಸಾಮಾನ್ಯವಾಗಿ ದೇಹದ ಪ್ರತಿಕಾಯಗಳೇ ಈ ಕಿಣ್ವವನ್ನು ಕೆಡಿಸುತ್ತವೆ. ಅಪರೂಪಕ್ಕೆ ಹುಟ್ಟಿನಿಂದಲೇ ಅದರ ಕೊರತೆಯಿರುತ್ತದೆ. ಕತ್ತರಿಸದೆ ಉಳಿದ ಎಳೆಗಳಿಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಅತಿಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟುತ್ತವೆ, ಉಳಿದಿರುವ ಕಿರಿದಾದ ದಾರಿಯಲ್ಲಿ ರಭಸದಿಂದ ನುಗ್ಗುವ ಕೆಂಪು ಕಣಗಳು ಹರಿದುಹೋಗುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ಅವು ಹೆಪ್ಪಿನೊಳಗೆ ಖರ್ಚಾಗುತ್ತಿರುವುದರಿಂದ. ಹಾಗಾಗಿ ಚರ್ಮದ ಮೇಲೆ ರಕ್ತಸ್ರಾವದ ಗುರುತು ಹೊತ್ತ ಈ ರೋಗಿಯನ್ನು ಕೊಲ್ಲುವುದು ಹೆಚ್ಚಾಗಿ ಮಿದುಳು ಅಥವಾ ಹೃದಯದಲ್ಲಿನ ತಡೆ. ಜೀವಕ್ಕೇ ಅಪಾಯ ತರುವಷ್ಟು ರಕ್ತಸ್ರಾವವಿಲ್ಲದಿದ್ದರೆ ಇಲ್ಲಿ ಪ್ಲೇಟ್‌ಲೆಟ್ ಏರಿಸದಿರುವುದು ಇದೇ ಕಾರಣಕ್ಕೆ.

ನಮ್ಮ ರೋಗಿಯಲ್ಲಿ ಕಣಗಳು ಒಡೆದಾಗ ರಕ್ತಕ್ಕೆ ಸೇರುವ ಎಲ್‌ಡಿಎಚ್ ಕಿಣ್ವ ಬಹಳ ಏರಿದೆ, ಕೆಂಪು ಕಣಗಳಿಗೆ ಪ್ರತಿಕಾಯಗಳು ಅಂಟಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ ಮತ್ತು ಎಪಿಟಿಟಿ ಸಹಜವಾಗಿವೆ. ಕೊನೆಯ ಅಂಶ ಮುಖ್ಯ, ಏಕೆಂದರೆ ಚೂರಾದ ಕಣಗಳು ಕಾಣುವ ಇನ್ನೊಂದು ಗಂಭೀರ ಸ್ಥಿತಿಯಾದ, ರಕ್ತ ಹೆಪ್ಪುಗಟ್ಟಿಸುವ ಅಂಶಗಳೇ ದೇಹದೆಲ್ಲೆಡೆ ಖರ್ಚಾಗಿಬಿಡುವ ಡಿಐಸಿಯಲ್ಲಿ ಇವು ಸಾಮಾನ್ಯವಾಗಿ ಏರುಪೇರಾಗಿರುತ್ತವೆ. ಜ್ವರ ಮತ್ತು ಮೂತ್ರಪಿಂಡದ ತೊಂದರೆಯೂ ಸೇರಿದ ಐದು ಲಕ್ಷಣಗಳು ಕೂಡಿಬರಲಿ ಎಂದು ಕಾಯುವುದು ತಪ್ಪು. ಬಹುಪಾಲು ರೋಗಿಗಳಲ್ಲಿ ಅವೆಲ್ಲ ಒಟ್ಟಿಗೆ ಕಾಣಿಸುವುದೇ ಇಲ್ಲ.

ಖಚಿತಪಡಿಸುವ ADAMTS13 ಪರೀಕ್ಷೆಗೆ ರಕ್ತವನ್ನು ಚಿಕಿತ್ಸೆಗೆ ಮುಂಚೆಯೇ ತೆಗೆದಿಡಬೇಕು, ಆದರೆ ಫಲಿತಾಂಶ ಬರಲು ಹಲವೆಡೆ ದಿನಗಳೇ ಬೇಕಾಗುತ್ತವೆ. ಚಿಕಿತ್ಸೆಯಿಲ್ಲದೆ ಸುಮಾರು ಶೇಕಡಾ 90ರಷ್ಟು ರೋಗಿಗಳು ಸಾಯುವ ಕಾಯಿಲೆಯಲ್ಲಿ ಅಷ್ಟು ಕಾಯಲಾಗದು. ಆದ್ದರಿಂದ ಅನುಮಾನ ಬಲವಾದೊಡನೆಯೇ ಪ್ಲಾಸ್ಮಾ ವಿನಿಮಯ ಆರಂಭಿಸುತ್ತಾರೆ: ಪ್ರತಿಕಾಯವಿರುವ ಪ್ಲಾಸ್ಮಾವನ್ನು ಯಂತ್ರದ ಮೂಲಕ ತೆಗೆದು, ಕಿಣ್ವವಿರುವ ದಾನಿಗಳ ಪ್ಲಾಸ್ಮಾವನ್ನು ದಿನವೂ ಕೊಡುತ್ತಾರೆ, ಜೊತೆಗೆ ಸ್ಟೆರಾಯ್ಡ್ ನೀಡುತ್ತಾರೆ. ವಿನಿಮಯದ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸುವುದು ತಡವಾದರೆ, ಅಲ್ಲಿಯವರೆಗೆ ಪ್ಲಾಸ್ಮಾವನ್ನು ಡ್ರಿಪ್ ಮೂಲಕವಾದರೂ ಕೊಡುವುದು ಒಳ್ಳೆಯದು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿ ಅಲ್ಲಿಯೇ ನಿಂತ ಮೇಲೆ ವಿನಿಮಯ ನಿಲ್ಲಿಸಬಹುದು. ತೆಗೆದಿಟ್ಟ ಮಾದರಿಯಲ್ಲಿ ಕಿಣ್ವದ ಚಟುವಟಿಕೆ ಶೇಕಡಾ 10ಕ್ಕಿಂತ ಕಡಿಮೆಯೆಂದು ವರದಿ ಬಂದರೆ ರೋಗನಿರ್ಣಯ ಖಚಿತವಾಗುತ್ತದೆ. ರೋಗ ಮರುಕಳಿಸಬಹುದಾದ್ದರಿಂದ ಆ ಮಹಿಳೆಯ ADAMTS13 ಮಟ್ಟವನ್ನು ಮುಂದೆಯೂ ಆಗಾಗ ಅಳೆಯುತ್ತಿರಬೇಕು.